ನಂದಿನಿ, ಸೈಕಲ್, ಮಯ್ಯಾಸ್: ಬ್ರ್ಯಾಂಡ್ ಹೆಸರಿನ ಆಯ್ಕೆಯ ಲೆಕ್ಕಾಚಾರ

2018ರ ಜುಲೈ 26ರಂದು ಸುಪ್ರೀಂ ಕೋರ್ಟ್ ನೀಡಿದ ಒಂದು ತೀರ್ಪು ಕರ್ನಾಟಕದ ಎರಡು ಪರಿಚಿತ ಹೆಸರುಗಳಿಗೆ ಸಂಬಂಧಿಸಿದ್ದು. ಒಂದು ಕಡೆ 1985ರಿಂದ ‘ನಂದಿನಿ’ ಹೆಸರಿನಲ್ಲಿ ಹಾಲು, ಮೊಸರು, ತುಪ್ಪ ಮಾರುತ್ತಿರುವ ಕರ್ನಾಟಕ ಹಾಲು ಮಹಾಮಂಡಳ. ಇನ್ನೊಂದು ಕಡೆ 1989ರಿಂದ ಬೆಂಗಳೂರಿನಲ್ಲಿ ಆಂಧ್ರ ಊಟದ ಹೋಟೆಲುಗಳನ್ನು ನಡೆಸುತ್ತಿರುವ ‘ನಂಧಿನಿ ಡೀಲಕ್ಸ್’. ಹೋಟೆಲಿನವರು ತಮ್ಮ ಹೆಸರನ್ನು ಆಹಾರ ಪದಾರ್ಥಗಳ ವರ್ಗಗಳಲ್ಲಿ ನೋಂದಾಯಿಸಲು ಹೊರಟಾಗ ಮಹಾಮಂಡಳ ತಕರಾರು ಸಲ್ಲಿಸಿತು. ನೋಂದಣಿ ಕಚೇರಿ ಹೋಟೆಲಿನ ಪರ ನಿಂತಿತು, ಮೇಲ್ಮನವಿ ಮಂಡಳಿಯೂ ಆಮೇಲೆ ಕರ್ನಾಟಕ ಹೈಕೋರ್ಟೂ ಮಹಾಮಂಡಳದ ಪರ ನಿಂತವು. ಕೊನೆಗೆ ಸುಪ್ರೀಂ ಕೋರ್ಟ್ ಹೋಟೆಲಿನ ನೋಂದಣಿಯನ್ನು ಎತ್ತಿಹಿಡಿಯಿತು. ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಮಾತ್ರ ಅದರ ವ್ಯಾಪ್ತಿಯಿಂದ ಹೊರಗಿಟ್ಟಿತು.

ಕೇಳಲು ಒಂದೇ ರೀತಿ ಇರುವ ಎರಡು ಹೆಸರುಗಳು ಒಂದೇ ನಗರದಲ್ಲಿ, ತಿನ್ನುವ ಕುಡಿಯುವ ವಸ್ತುಗಳ ಮೇಲೆಯೇ ಏಕಕಾಲಕ್ಕೆ ಉಳಿಯಬಹುದು ಎಂದು ನ್ಯಾಯಾಲಯ ಒಪ್ಪಿಕೊಂಡದ್ದಕ್ಕೆ ಹಲವು ಕಾರಣಗಳಿದ್ದವು. ಲಾಂಛನಗಳು ಬೇರೆ, ಸರಕು ಬೇರೆ. ಹೋಟೆಲು ತೆರೆಯುವ ಹೊತ್ತಿಗೆ ಮಹಾಮಂಡಳ ಆ ಹೆಸರನ್ನು ಬಳಸತೊಡಗಿ ನಾಲ್ಕೇ ವರ್ಷವಾಗಿತ್ತು. ಆದರೆ ಹೊಸದಾಗಿ ಹೆಸರು ಹುಡುಕುತ್ತಿರುವವರು ಗಮನಿಸಬೇಕಾದ ಕಾರಣ ಬೇರೊಂದಿದೆ. ನಂದಿನಿ ಎಂಬುದು ಪುರಾಣದ ಹಸುವಿನ ಹೆಸರು, ದೇವಿಯ ಹೆಸರು. ಅದು ಮಹಾಮಂಡಳ ಕಟ್ಟಿದ ಪದವಲ್ಲ ಎಂದು ನ್ಯಾಯಾಲಯ ಹೇಳಿತು. ಹೆಸರು ಎಷ್ಟು ಜನಪ್ರಿಯ ಎಂಬುದರ ಜೊತೆಗೆ, ಅದು ಯಾವ ಬಗೆಯ ಹೆಸರು ಎಂಬುದೂ ಅದರ ಸುತ್ತ ಎಷ್ಟು ದೊಡ್ಡ ಬೇಲಿ ಹಾಕಬಹುದು ಎಂಬುದನ್ನು ನಿರ್ಧರಿಸುತ್ತದೆ.

ಮನೆಯಲ್ಲೇ ಸಾರಿನ ಪುಡಿ, ಉಪ್ಪಿನಕಾಯಿ, ಸಾಬೂನು ತಯಾರಿಸಿ ಫೋನಿನ ಆ್ಯಪ್‌ಗಳ ಮೂಲಕ ಮಾರುವವರು ಹೆಚ್ಚಾಗಿರುವ ಈ ದಿನಗಳಲ್ಲಿ ಹೆಸರನ್ನು ಒಂದು ಸಂಜೆಯಲ್ಲಿ ಇಟ್ಟು ಮರುದಿನ ಲೇಬಲ್ ಮುದ್ರಿಸುವುದು ಸಾಮಾನ್ಯವಾಗಿದೆ. ಹೆಸರಿಡುವ ಕಸುಬಿನವರು ಸಾಮಾನ್ಯವಾಗಿ ನಾಲ್ಕು ಬಗೆಗಳನ್ನು ಹೇಳುತ್ತಾರೆ: ವಸ್ತುವನ್ನೇ ವರ್ಣಿಸುವ ಹೆಸರು, ಸ್ಥಾಪಕರ ಹೆಸರು, ರೂಪಕದ ಹೆಸರು ಮತ್ತು ಹೊಸದಾಗಿ ಕಟ್ಟಿದ ಹೆಸರು. ಇವುಗಳಲ್ಲಿ ಯಾವುದು ಚೆಂದ ಎಂಬ ಚರ್ಚೆಗೆ ಕೊನೆಯಿಲ್ಲ. ಯಾವ ಹೆಸರಿನ ಖರ್ಚು ಯಾವಾಗ ಬರುತ್ತದೆ ಎಂಬುದನ್ನು ಮಾತ್ರ ಸಾಕಷ್ಟು ಖಚಿತವಾಗಿ ಹೇಳಬಹುದು. ಕೆಲವು ಹೆಸರುಗಳು ಮೊದಲ ವರ್ಷ ಅಗ್ಗ, ಹತ್ತನೆಯ ವರ್ಷ ದುಬಾರಿ. ಇನ್ನು ಕೆಲವು ಅದಕ್ಕೆ ತದ್ವಿರುದ್ಧ.

ವರ್ಣನೆಯ ಹೆಸರಿನ ಆಕರ್ಷಣೆ ಸ್ಪಷ್ಟ. ‘ಶುದ್ಧ ಗಾಣದ ಎಣ್ಣೆ’ ಎಂದರೆ ಗ್ರಾಹಕರಿಗೆ ಬೇರೇನೂ ಹೇಳಬೇಕಾಗಿಲ್ಲ, ಹುಡುಕಾಟದಲ್ಲೂ ಆ ಪದಗಳೇ ಕೆಲಸ ಮಾಡುತ್ತವೆ. ಆದರೆ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಕಲಮು, ಸರಕಿನ ಬಗೆ, ಗುಣ, ಪ್ರಮಾಣ, ಉದ್ದೇಶ ಅಥವಾ ಮೂಲಸ್ಥಳವನ್ನಷ್ಟೇ ಹೇಳುವ ಹೆಸರಿಗೆ ನೋಂದಣಿ ನಿರಾಕರಿಸುತ್ತದೆ. ಪಕ್ಕದ ಗಾಣದವರಿಗೂ ಆ ಪದಗಳು ಬೇಕು ಎಂಬುದೇ ಇದರ ಹಿಂದಿನ ತರ್ಕ. ದೀರ್ಘ ಕಾಲದ ಬಳಕೆಯಿಂದ ಜನರು ಆ ಪದವನ್ನು ಒಬ್ಬರೇ ತಯಾರಕರೊಂದಿಗೆ ಗುರುತಿಸತೊಡಗಿದ್ದಾರೆ ಎಂದು ಸಾಬೀತುಪಡಿಸಿದರೆ ವಿನಾಯಿತಿ ಸಿಗುತ್ತದೆ; ಆದರೆ ಅದಕ್ಕೆ ವರ್ಷಗಟ್ಟಲೆಯ ಮಾರಾಟದ ಬಿಲ್ಲುಗಳು, ಜಾಹೀರಾತಿನ ಲೆಕ್ಕಗಳು ಬೇಕು. ಅಷ್ಟೆಲ್ಲ ಇದ್ದವರೂ ಸೋತದ್ದುಂಟು. ‘ಶುಗರ್ ಫ್ರೀ’ ಎಂಬ ಹೆಸರಿನಲ್ಲಿ ಸಿಹಿಕಾರಕ ಮಾರುತ್ತಿದ್ದ ಕ್ಯಾಡಿಲಾ ಕಂಪನಿ, ಅಮುಲ್ ತನ್ನ ಸಕ್ಕರೆರಹಿತ ಶೀತಲ ಸಿಹಿತಿಂಡಿಯ ಮೇಲೆ ಅದೇ ಪದಗಳನ್ನು ಬಳಸಿದಾಗ ದೆಹಲಿ ಹೈಕೋರ್ಟಿಗೆ ಹೋಯಿತು. ಸಿಹಿಕಾರಕಗಳ ನಡುವೆ ಆ ಹೆಸರಿಗೆ ಒಳ್ಳೆಯ ಗುರುತು ಇದ್ದರೂ, ಸಕ್ಕರೆ ಇಲ್ಲ ಎಂದು ಹೇಳುವ ಸಹಜ ಪದಗಳನ್ನು ಇತರರು ಬಳಸದಂತೆ ಪೂರ್ತಿಯಾಗಿ ತಡೆಯಲು ಆ ಕಂಪನಿಗೆ ಸಾಧ್ಯವಾಗಲಿಲ್ಲ.

ಇಲ್ಲಿ ‘ಮೈಸೂರು ಸ್ಯಾಂಡಲ್’ ಸಾಬೂನನ್ನು ಎದುರು ಉದಾಹರಣೆಯಾಗಿ ಹೇಳುವವರಿದ್ದಾರೆ. ಊರಿನ ಹೆಸರು, ಕಚ್ಚಾವಸ್ತುವಿನ ಹೆಸರು, ಎರಡೇ ಸೇರಿ ಆದ ಆ ಹೆಸರು ಶತಮಾನ ಕಳೆದರೂ ಗಟ್ಟಿಯಾಗಿ ನಿಂತಿದೆಯಲ್ಲ ಎಂಬುದು ಅವರ ವಾದ. ನಿಂತಿರುವುದು ನಿಜ. ಆದರೆ ಅದರ ಹಿಂದೆ ಮೊದಲು ಮೈಸೂರು ಸಂಸ್ಥಾನವಿತ್ತು, ಈಗ ಸರ್ಕಾರಿ ಸಂಸ್ಥೆಯಿದೆ. ಶ್ರೀಗಂಧದ ಮೇಲೆ ಬಹುಕಾಲ ಸರ್ಕಾರದ ಏಕಸ್ವಾಮ್ಯವೇ ಇತ್ತು, ಈಗ ಜಿಐ ಟ್ಯಾಗ್ ಎಂದೇ ಕರೆಯುವ ಭೌಗೋಳಿಕ ಸೂಚಿಕೆಯ ರಕ್ಷಣೆಯೂ ಇದೆ. ಸರ್ಕಾರದ ಬೆಂಬಲವೂ ಏಕಸ್ವಾಮ್ಯವೂ ಇಲ್ಲದ ಖಾಸಗಿ ತಯಾರಕರು ಅದೇ ಮಾದರಿಯನ್ನು ಅನುಸರಿಸಿದರೆ ಏನಾಗುತ್ತದೆ ಎಂಬುದಕ್ಕೆ ಧಾರವಾಡ ಪೇಡ ಹೆಚ್ಚು ಪ್ರಾಮಾಣಿಕ ಉದಾಹರಣೆ. ‘ಧಾರವಾಡ ಪೇಡ’ ಎಂಬುದು ಎಲ್ಲರ ಬಾಯಲ್ಲೂ ಇರುವ ಹೆಸರು, ಆದ್ದರಿಂದಲೇ ಯಾವ ಒಂದು ಅಂಗಡಿಯ ಹೆಸರೂ ಅಲ್ಲ. ಅದಕ್ಕೂ ಜಿಐ ಮಾನ್ಯತೆ ಇದೆ. ಆದರೆ ಜಿಐ ಎಂಬುದು ಒಂದು ಪ್ರದೇಶದ ತಯಾರಕರೆಲ್ಲರಿಗೂ ಸೇರಿದ ಹಕ್ಕೇ ಹೊರತು ಒಬ್ಬರ ಆಸ್ತಿಯಲ್ಲ. ಹಾಗಾಗಿ ಕೊಳ್ಳುವವರು ಧಾರವಾಡದಲ್ಲಿ ನಿಂತು ‘ಠಾಕೂರರದೋ, ಮಿಶ್ರಾದೋ’ ಎಂದು ವಿಚಾರಿಸುತ್ತಾರೆ. ವರ್ಣನೆ ಎಲ್ಲಿ ಸಾಮೂಹಿಕವಾಯಿತೋ ಅಲ್ಲಿ ಗುರುತಿನ ಕೆಲಸವನ್ನು ಮನೆತನದ ಹೆಸರು ವಹಿಸಿಕೊಂಡಿತು.

ಬೆಂಗಳೂರಿನ ‘ದರ್ಶಿನಿ’ಯ ಕಥೆ ಇದಕ್ಕಿಂತ ಒಂದು ಹೆಜ್ಜೆ ಮುಂದಿನದು. 1980ರ ದಶಕದಲ್ಲಿ ಜಯನಗರದ ಕೆಫೆ ದರ್ಶಿನಿಯಿಂದ ಆರಂಭವಾದ, ನಿಂತು ತಿನ್ನುವ ಸ್ವಸಹಾಯ ಹೋಟೆಲಿನ ಪದ್ಧತಿ ಎಷ್ಟು ಬೇಗ ಹರಡಿತೆಂದರೆ ಹೆಸರಿನ ಬಾಲವೇ ಆ ಬಗೆಯ ಹೋಟೆಲುಗಳಿಗೆಲ್ಲ ಸಾಮಾನ್ಯ ನಾಮವಾಯಿತು. ಇವತ್ತು ಯಾರಾದರೂ ‘ಪಕ್ಕದಲ್ಲೊಂದು ದರ್ಶಿನಿ ಇದೆ’ ಎಂದರೆ ಯಾವ ಮಾಲೀಕರೂ ನೆನಪಾಗುವುದಿಲ್ಲ.

ಹೊಸ ಉದ್ಯಮಿಗಳು ಸಾಮಾನ್ಯವಾಗಿ ಗಮನಿಸದ ಒಂದು ಸಂಗತಿ ಇಲ್ಲಿದೆ. ಪ್ಯಾಕ್ ಮಾಡಿದ ಆಹಾರದ ಮುಂಭಾಗದಲ್ಲಿ ಆ ಆಹಾರ ಯಾವುದು ಎಂಬುದನ್ನು ಮುದ್ರಿಸುವುದು ಆಹಾರ ಸುರಕ್ಷತಾ ಪ್ರಾಧಿಕಾರದ ಲೇಬಲ್ ನಿಯಮಗಳ ಪ್ರಕಾರ ಹೇಗಿದ್ದರೂ ಕಡ್ಡಾಯ. ಅಂದರೆ ‘ಮಾವಿನ ಮಿಡಿ ಉಪ್ಪಿನಕಾಯಿ’ ಎಂಬ ಸಾಲು ಬ್ರ್ಯಾಂಡಿನ ಹೆಸರಿನಲ್ಲಿ ಇಲ್ಲದಿದ್ದರೂ ಡಬ್ಬಿಯ ಮೇಲೆ ಇದ್ದೇ ಇರುತ್ತದೆ. ಆನ್‌ಲೈನ್ ಅಂಗಡಿಗಳಲ್ಲೂ ಉತ್ಪನ್ನದ ಶೀರ್ಷಿಕೆಯಲ್ಲಿ ಬ್ರ್ಯಾಂಡಿನ ಹೆಸರಿನ ಪಕ್ಕದಲ್ಲಿ ವರ್ಣನೆಯನ್ನು ಬರೆಯಲು ಜಾಗವಿರುತ್ತದೆ. ವರ್ಣನೆಯ ಕೆಲಸಕ್ಕೆ ಬೇರೆ ಸಾಲು ಸಿಕ್ಕಿರುವಾಗ ಬ್ರ್ಯಾಂಡಿನ ಹೆಸರಿನ ಕೈಯಲ್ಲೂ ಅದನ್ನೇ ಮಾಡಿಸುವುದು, ನನ್ನ ದೃಷ್ಟಿಯಲ್ಲಿ, ಜಾಗದ ಅಪವ್ಯಯ.

ಸ್ಥಾಪಕರ ಹೆಸರಿಗೆ ಬೇರೆ ರೀತಿಯ ಬೆಲೆ ಇದೆ. ಅದು ನಂಬಿಕೆ ಹುಟ್ಟಿಸುತ್ತದೆ, ಏಕೆಂದರೆ ಒಬ್ಬ ಮನುಷ್ಯ ತನ್ನ ಹೆಸರನ್ನೇ ಡಬ್ಬಿಯ ಮೇಲೆ ಹಾಕಿಕೊಂಡಿದ್ದಾನೆ. ಆದರೆ ನಮ್ಮ ಅಡ್ಡಹೆಸರುಗಳು ಒಂದು ಕುಟುಂಬಕ್ಕೆ ಸೀಮಿತವಲ್ಲ: ಭಟ್, ಹೆಗಡೆ, ಶೆಟ್ಟಿ, ಪೈ, ಕಾಮತ್, ಪಾಟೀಲ ಎಂಬ ಹೆಸರಿನವರು ಸಾವಿರಾರು. ಕಾಯ್ದೆಯ 35ನೇ ಕಲಮು ಒಬ್ಬ ವ್ಯಕ್ತಿ ಪ್ರಾಮಾಣಿಕವಾಗಿ ತನ್ನ ಸ್ವಂತ ಹೆಸರನ್ನು ಬಳಸುವುದನ್ನು ತಡೆಯಲು ಅವಕಾಶ ಕೊಡುವುದಿಲ್ಲ. ಹೀಗಾಗಿ ಅಡ್ಡಹೆಸರಿನ ಬ್ರ್ಯಾಂಡು ಬೆಳೆದಷ್ಟೂ ಅದೇ ಅಡ್ಡಹೆಸರಿನ ಇನ್ನೊಬ್ಬರೊಂದಿಗೆ, ಕೆಲವೊಮ್ಮೆ ಸ್ವಂತ ದಾಯಾದಿಗಳೊಂದಿಗೇ, ಜಗಳದ ಸಾಧ್ಯತೆಯೂ ಬೆಳೆಯುತ್ತದೆ.

ಇನ್ನೊಂದು ತೊಡಕು ಮಾರುವಾಗ ಎದುರಾಗುತ್ತದೆ. ಇದಕ್ಕೆ ಮಯ್ಯ ಕುಟುಂಬದ ಇತಿಹಾಸಕ್ಕಿಂತ ಒಳ್ಳೆಯ ಪಾಠ ಕರ್ನಾಟಕದಲ್ಲಿ ಸಿಗುವುದಿಲ್ಲ. 1924ರಲ್ಲಿ ಆರಂಭವಾದ ಅವರ ಹೋಟೆಲಿಗೆ ಮಾವಳ್ಳಿ ಟಿಫಿನ್ ರೂಮ್ಸ್ ಎಂಬ ಹೆಸರು ಬಂದದ್ದು ಆಮೇಲೆ. ಬಡಾವಣೆಯ ಹೆಸರು ಮತ್ತು ವ್ಯಾಪಾರದ ವರ್ಣನೆ ಸೇರಿದ ಅದು ಜನರ ಬಾಯಲ್ಲಿ ಎಂಟಿಆರ್ ಆಯಿತು. ಮೂರು ಅಕ್ಷರಗಳಾದ ಮೇಲೆ ಅದಕ್ಕೆ ಟಿಫಿನ್ನಿನ ಗಡಿಯೂ ಇರಲಿಲ್ಲ, ಮಯ್ಯ ಎಂಬ ವ್ಯಕ್ತಿಯ ಗಡಿಯೂ ಇರಲಿಲ್ಲ. 2007ರಲ್ಲಿ ಪ್ಯಾಕ್ ಮಾಡಿದ ಆಹಾರದ ಕಂಪನಿಯಾದ ಎಂಟಿಆರ್ ಫುಡ್ಸ್ ನಾರ್ವೆಯ ಓರ್ಕ್ಲಾ ಸಂಸ್ಥೆಗೆ ಮಾರಾಟವಾದಾಗ ಪುಡಿಯ ಪೊಟ್ಟಣಗಳ ಮೇಲಿನ ಎಂಟಿಆರ್ ಅವರೊಂದಿಗೆ ಹೋಯಿತು, ಹೋಟೆಲುಗಳ ಎಂಟಿಆರ್ ಕುಟುಂಬದಲ್ಲೇ ಉಳಿಯಿತು. ಆ ಆಹಾರ ಕಂಪನಿಯನ್ನು ಬೆಳೆಸಿದ ಸದಾನಂದ ಮಯ್ಯರು ಮುಂದೆ ಹೊಸ ಉದ್ಯಮ ತೆರೆದಾಗ ಇಟ್ಟ ಹೆಸರು ‘ಮಯ್ಯಾಸ್’. ಮೂಲ ಕಂಪನಿಯ ಹೆಸರೇ ಮಯ್ಯ ಎಂದಿದ್ದರೆ ಪೊಟ್ಟಣಗಳ ಮೇಲೆ ಆ ಹೆಸರನ್ನು ಹಾಕುವ ಹಕ್ಕು ಕೊಂಡವರ ಪಾಲಾಗುತ್ತಿತ್ತು, ಮಾರಿದವರಿಗೆ ಸ್ವಂತ ಹೆಸರಿನಲ್ಲೇ ಅದೇ ವ್ಯಾಪಾರ ಮಾಡುವುದು ಕಷ್ಟವಾಗುತ್ತಿತ್ತು. ಎಂದಾದರೂ ಪಾಲುದಾರಿಕೆಗೋ ಮಾರಾಟಕ್ಕೋ ಕಂಪನಿಯನ್ನು ಒಡ್ಡುವ ಯೋಚನೆ ಇರುವವರು ತಮ್ಮ ಹೆಸರನ್ನು ಅದಕ್ಕೆ ಕೊಡುವ ಮುನ್ನ ಈ ಒಂದು ಸಂಗತಿಯನ್ನು ಯೋಚಿಸಬೇಕು.

ರೂಪಕದ ಹೆಸರುಗಳಿಗೆ ಬಂದರೆ, ನಂದಿನಿ ಅದರ ಅತ್ಯುತ್ತಮ ಮಾದರಿಯೂ ಹೌದು, ಎಚ್ಚರಿಕೆಯೂ ಹೌದು. ವಸಿಷ್ಠರ ಆಶ್ರಮದ ಬೇಡಿದ್ದನ್ನು ಕೊಡುವ ಹಸುವಿನ ಹೆಸರನ್ನು ಹಾಲಿಗೆ ಇಟ್ಟಾಗ ಕನ್ನಡಿಗರಿಗೆ ಯಾವ ವಿವರಣೆಯೂ ಬೇಕಾಗಲಿಲ್ಲ. ಅರ್ಥ ಮೊದಲೇ ಜನರ ಮನಸ್ಸಿನಲ್ಲಿತ್ತು, ಮಹಾಮಂಡಳ ಅದನ್ನು ಪುಕ್ಕಟೆಯಾಗಿ ಪಡೆಯಿತು. ಆದರೆ ಪುಕ್ಕಟೆಯಾಗಿ ಸಿಗುವ ಅರ್ಥ ಎಲ್ಲರಿಗೂ ಪುಕ್ಕಟೆಯೇ. ಪುರಾಣ, ನದಿ, ದೇವರು, ಹೂವು ಇವು ನಮ್ಮಲ್ಲಿ ಹೆಸರಿಡುವವರೆಲ್ಲ ಮೊದಲು ಕೈಹಾಕುವ ಕಣಜ. ಕಾವೇರಿ, ತುಂಗಾ, ಲಕ್ಷ್ಮಿ, ಮಲ್ಲಿಗೆ ಎಂಬ ಹೆಸರುಗಳನ್ನು ಯಾವ ವ್ಯಾಪಾರದಲ್ಲಿ ಹುಡುಕಿದರೂ ಒಂದೆರಡು ಸಿಗುತ್ತವೆ. ಧರ್ಮಗ್ರಂಥಗಳ ವಿಷಯದಲ್ಲಿ ನ್ಯಾಯಾಲಯ ಇನ್ನೂ ಬಿಗಿಯಾಗಿದೆ. ಊದುಬತ್ತಿಗೆ ‘ರಾಮಾಯಣ’ ಎಂಬ ಹೆಸರನ್ನು ನೋಂದಾಯಿಸಲು ಕೇಳಿದ ಪ್ರಕರಣದಲ್ಲಿ 2015ರಲ್ಲಿ ಸುಪ್ರೀಂ ಕೋರ್ಟ್, ಧರ್ಮಗ್ರಂಥದ ಹೆಸರನ್ನು ಒಬ್ಬರು ತಮ್ಮ ಸರಕಿನ ಗುರುತಾಗಿ ಏಕಸ್ವಾಮ್ಯ ಮಾಡಿಕೊಳ್ಳುವಂತಿಲ್ಲ ಎಂದಿತು.

ಅದೇ ಊದುಬತ್ತಿಯ ವ್ಯಾಪಾರದಲ್ಲಿ, ದೇವರ ಹೆಸರುಗಳ ಸಾಲಿನಿಂದ ಪೂರ್ತಿ ಹೊರಗೆ ನಿಂತ ಮೈಸೂರಿನ ಬ್ರ್ಯಾಂಡು ‘ಸೈಕಲ್’. ಎನ್. ರಂಗರಾವ್ ಅವರು ಕಟ್ಟಿದ ಸಂಸ್ಥೆಯ ಈ ಹೆಸರಿಗೂ ಪರಿಮಳಕ್ಕೂ ಪೂಜೆಗೂ ಯಾವ ಸಂಬಂಧವೂ ಇಲ್ಲ. ಕೇಳಿದಾಗ ವಿಚಿತ್ರವೆನಿಸುವ ಈ ಆಯ್ಕೆಯ ಹಿಂದೆ ಅಪ್ಪಟ ವ್ಯಾಪಾರಿ ಬುದ್ಧಿ ಕಾಣುತ್ತದೆ: ಓದಲು ಬಾರದವರೂ ಪೊಟ್ಟಣದ ಮೇಲಿನ ಚಿತ್ರ ನೋಡಿ ಗುರುತಿಸಬಲ್ಲರು, ಕನ್ನಡ, ತಮಿಳು, ತೆಲುಗು, ಹಿಂದಿ ಎಲ್ಲದರಲ್ಲೂ ಸೈಕಲ್ ಎಂಬ ಮಾತು ಹಾಗೆಯೇ ನಡೆಯುತ್ತದೆ, ಊದುಬತ್ತಿ ಮಾರುವ ಬೇರೆ ಯಾರಿಗೂ ತಮ್ಮ ಸರಕನ್ನು ಬಣ್ಣಿಸಲು ಆ ಪದ ಬೇಡ. ಕಾನೂನಿನ ಭಾಷೆಯಲ್ಲಿ ಇಂಥವನ್ನು ಯಾದೃಚ್ಛಿಕ ಹೆಸರುಗಳೆನ್ನುತ್ತಾರೆ. ಪದ ಹಳೆಯದು, ಸಂಬಂಧ ಮಾತ್ರ ಹೊಸದು. ಅದೇ ಹೆಸರನ್ನು ದ್ವಿಚಕ್ರ ವಾಹನಕ್ಕೆ ಇಟ್ಟಿದ್ದರೆ ಅದು ವರ್ಣನೆಯಾಗಿ ಬಿದ್ದುಹೋಗುತ್ತಿತ್ತು. ಹೆಸರಿನ ಬಲ ಪದದಲ್ಲಿ ಇರುವುದಿಲ್ಲ, ಪದಕ್ಕೂ ಸರಕಿಗೂ ನಡುವಿನ ದೂರದಲ್ಲಿ ಇರುತ್ತದೆ.

ದೂರ ಅತಿ ಹೆಚ್ಚಾಗಿರುವುದು ಹೊಸದಾಗಿ ಕಟ್ಟಿದ ಹೆಸರಿನಲ್ಲಿ. ಜಾರ್ಜ್ ಈಸ್ಟ್‌ಮನ್ 1888ರಲ್ಲಿ ಕ್ಯಾಮೆರಾಕ್ಕೆ ಇಟ್ಟ ಕೊಡಕ್ ಎಂಬ ಪದಕ್ಕೆ ಯಾವ ಭಾಷೆಯಲ್ಲೂ ಹಿಂದಿನ ಅರ್ಥವಿರಲಿಲ್ಲ. ಇಂಥ ಹೆಸರಿಗೆ ರಕ್ಷಣೆ ಪೂರ್ಣ, ಆದರೆ ಅದರ ಅರ್ಥವನ್ನು ಜನರಿಗೆ ಕಲಿಸುವ ಖರ್ಚೂ ಪೂರ್ಣವಾಗಿ ಇಟ್ಟವರದೇ. ಜಾಹೀರಾತಿಗೆ ಹಣವಿಲ್ಲದ ಸಣ್ಣ ವ್ಯಾಪಾರಿಗಳಿಗೆ ಶುದ್ಧ ಕಲ್ಪಿತ ಹೆಸರನ್ನು ನಾನು ಸೂಚಿಸುವುದಿಲ್ಲ. ನಮ್ಮಲ್ಲಿ ಚೆನ್ನಾಗಿ ನಡೆದಿರುವುದು ನಡುವಿನ ದಾರಿ: ವರ್ಣನೆಯಿಂದ ಹುಟ್ಟಿ ವರ್ಣನೆಯನ್ನು ಕಳಚಿಕೊಂಡ ಹೆಸರುಗಳು. ವೆಸ್ಟರ್ನ್ ಇಂಡಿಯಾ ಹೆಸರಿನಲ್ಲಿ ಅಡುಗೆ ಎಣ್ಣೆಯ ವ್ಯಾಪಾರ ಮಾಡುತ್ತಿದ್ದ ಕಂಪನಿ ವಿಪ್ರೊ ಆದದ್ದರಿಂದಲೇ ಮುಂದೆ ಕಂಪ್ಯೂಟರಿಗೆ ಬಂದಾಗ ಹೆಸರು ಅಡ್ಡಬರಲಿಲ್ಲ. ಬೆಂಗಳೂರಿನಲ್ಲಿ 2005ರಲ್ಲಿ ಆರಂಭವಾದ ‘ಐಡಿ’ ಕಂಪನಿಯ ಹೆಸರು ಇಡ್ಲಿ, ದೋಸೆಗಳ ಮೊದಲ ಅಕ್ಷರಗಳಿಂದ ಬಂದದ್ದು. ಹಿಟ್ಟಿನ ಜೊತೆ ಪರೋಟ, ಕಾಫಿ ಡಿಕಾಕ್ಷನ್ ಮಾರತೊಡಗಿದಾಗ ಆ ಎರಡಕ್ಷರ ಯಾವ ಮುಜುಗರವನ್ನೂ ತರಲಿಲ್ಲ. ‘ಇಡ್ಲಿ ದೋಸೆ ಹಿಟ್ಟಿನ ಮನೆ’ ಎಂದಿದ್ದರೆ ಪ್ರತಿ ಹೊಸ ಉತ್ಪನ್ನಕ್ಕೂ ಸಮಜಾಯಿಷಿ ಕೊಡಬೇಕಾಗುತ್ತಿತ್ತು. ಕಟ್ಟಿದ ಹೆಸರಿಗೂ ಅಪಾಯವಿಲ್ಲದಿಲ್ಲ: ಜೆರಾಕ್ಸ್ ನಮ್ಮ ಪ್ರತಿ ತಾಲ್ಲೂಕು ಕಚೇರಿಯ ಎದುರಿನ ಅಂಗಡಿಯ ಫಲಕವಾಗಿದೆ. ಆದರೆ ಅದು ಅತಿಯಾದ ಯಶಸ್ಸಿನ ಕಾಯಿಲೆ, ಆರಂಭದಲ್ಲೇ ಅದಕ್ಕೆ ಹೆದರಬೇಕಾಗಿಲ್ಲ.

ಇಷ್ಟನ್ನು ಒಂದು ಕಲ್ಪಿತ ಪ್ರಸಂಗಕ್ಕೆ ಅನ್ವಯಿಸಿ ನೋಡೋಣ. ಸಾಗರದ ಕಡೆಯ ಒಬ್ಬ ಮಹಿಳೆ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಬೆಂಗಳೂರಿಗೆ ಕಳಿಸುತ್ತಾರೆ, ಮುಂದಿನ ವರ್ಷ ಮುರುಗಲು ಪಾನಕವನ್ನೂ ಸಾರಿನ ಪುಡಿಯನ್ನೂ ಸೇರಿಸುವ ಯೋಚನೆಯಿದೆ. ಅವರ ಪಟ್ಟಿಯಲ್ಲಿ ನಾಲ್ಕು ಹೆಸರುಗಳಿವೆ: ‘ಮಲೆನಾಡ ಅಪ್ಪೆಮಿಡಿ’, ‘ಹೆಗಡೆಯವರ ಉಪ್ಪಿನಕಾಯಿ’, ‘ಸೊನೆ’ ಮತ್ತು ‘ತೊಟ್ಟು’. ಮೊದಲನೆಯದು ಪ್ರದೇಶ ಮತ್ತು ಪದಾರ್ಥವಷ್ಟೇ. ಅಪ್ಪೆಮಿಡಿಗೆ ಜಿಐ ಮಾನ್ಯತೆಯೂ ಇರುವುದರಿಂದ ಆ ಪದದ ಮೇಲೆ ಒಬ್ಬರ ಸ್ವಾಮ್ಯದ ಮಾತೇ ಇಲ್ಲ, ಪಾನಕಕ್ಕೆ ಆ ಹೆಸರು ಹೊಂದುವುದೂ ಇಲ್ಲ. ಎರಡನೆಯದು ನಂಬಿಕೆ ತರುತ್ತದೆ, ಆದರೆ ಶಿರಸಿ ಸಿದ್ದಾಪುರಗಳ ಕಡೆ ಉಪ್ಪಿನಕಾಯಿ ಹಾಕುವ ಹೆಗಡೆಯವರ ಮನೆಗಳು ಎಷ್ಟಿವೆ ಎಂಬುದನ್ನು ಆ ಕಡೆಯವರಿಗೆ ಹೇಳಬೇಕಾಗಿಲ್ಲ.

‘ಸೊನೆ’ ಎಂಬುದು ಒಳಗಿನವರಿಗೆ ಥಟ್ಟನೆ ಹಿಡಿಸುವ ಹೆಸರು, ಏಕೆಂದರೆ ಅಪ್ಪೆಮಿಡಿಯ ಪರಿಮಳವೆಲ್ಲ ಅದರ ಸೊನೆಯಲ್ಲಿದೆ. ಆದರೆ ಅದನ್ನು ರೋಮನ್ ಲಿಪಿಯಲ್ಲಿ Sone ಎಂದು ಬರೆದರೆ ಕನ್ನಡಿಗರು ಸೋನೆ ಮಳೆಯ ಸೋನೆ ಎಂದು ಓದುತ್ತಾರೆ, ಹಿಂದಿಯವರು ಚಿನ್ನವೆಂದೋ ನಿದ್ದೆಯೆಂದೋ ಓದುತ್ತಾರೆ. ಆ್ಯಪ್‌ನಲ್ಲಿ ಹುಡುಕುವವರು ಬೆರಳಚ್ಚು ಮಾಡುವುದು ಬಹುತೇಕ ರೋಮನ್ ಲಿಪಿಯಲ್ಲೇ ಆದ್ದರಿಂದ ಹ್ರಸ್ವ ದೀರ್ಘಗಳ ಮೇಲೆ, ಲ ಮತ್ತು ಳ ಅಕ್ಷರಗಳ ವ್ಯತ್ಯಾಸದ ಮೇಲೆ ನಿಂತ ಹೆಸರುಗಳು ಅಲ್ಲಿ ಸೋರಿಹೋಗುತ್ತವೆ. ಇದನ್ನು ಪರೀಕ್ಷಿಸುವ ಸುಲಭ ವಿಧಾನವೆಂದರೆ ಹೆಸರನ್ನು ಫೋನಿನಲ್ಲಿ ಒಮ್ಮೆ ಹೇಳಿ, ಕೇಳಿದವರಿಗೆ ಬರೆದು ಕಳಿಸಲು ತಿಳಿಸುವುದು. ನಾಲ್ಕು ಜನ ನಾಲ್ಕು ರೀತಿ ಬರೆದರೆ ಹೆಸರು ಸೋತಿತು. ‘ತೊಟ್ಟು’ ಈ ಪರೀಕ್ಷೆಯಲ್ಲಿ Thottu ಮತ್ತು Tottu ಎಂಬ ಎರಡು ರೂಪ ಪಡೆಯಬಹುದು, ಎರಡನ್ನೂ ನಿಭಾಯಿಸಬಹುದು. ಸೊನೆ ಸೋರದಂತೆ ಮಿಡಿಯನ್ನು ತೊಟ್ಟಿನ ಸಮೇತ ಕೊಯ್ಯುವ ಕ್ರಮವನ್ನು ಅದು ಸೂಚಿಸುತ್ತದೆ, ಆದರೆ ಉಪ್ಪಿನಕಾಯಿಯನ್ನು ವರ್ಣಿಸುವುದಿಲ್ಲ. ಮುರುಗಲಿಗೂ ತೊಟ್ಟಿದೆ, ಮೆಣಸಿನಕಾಯಿಗೂ ಇದೆ. ಡಬ್ಬಿಯ ಮೇಲೆ ದೊಡ್ಡದಾಗಿ ‘ತೊಟ್ಟು’, ಕೆಳಗೆ ‘ಅಪ್ಪೆಮಿಡಿ ಉಪ್ಪಿನಕಾಯಿ’, ಹಿಂಬದಿಯಲ್ಲಿ ಹೆಗಡೆಯವರ ಮನೆಯ ವಿಳಾಸ. ಹೀಗೆ ಮೂರು ಬಗೆಯ ಹೆಸರುಗಳೂ ತಮ್ಮ ತಮ್ಮ ಜಾಗದಲ್ಲಿ ಕೆಲಸ ಮಾಡುತ್ತವೆ, ನೋಂದಣಿ ಮಾತ್ರ ಮೊದಲನೆಯದಕ್ಕೆ.

ನೋಂದಣಿಗೆ ಮುನ್ನ ipindia.gov.in ತಾಣದ ಸಾರ್ವಜನಿಕ ಹುಡುಕಾಟದಲ್ಲಿ ಹೆಸರನ್ನು ನೋಡಬೇಕು. ಅಕ್ಷರಶಃ ಹುಡುಕಿದರೆ ಸಾಲದು, ಉಚ್ಚಾರಣೆಯ ಹೋಲಿಕೆಯ ಆಯ್ಕೆಯನ್ನೂ ಬಳಸಿ ಪ್ರತಿಯೊಂದು ಕಾಗುಣಿತವನ್ನೂ ಹುಡುಕಬೇಕು. ಸರಕುಗಳನ್ನು ವರ್ಗಗಳಾಗಿ ವಿಂಗಡಿಸಲಾಗಿದ್ದು ಉಪ್ಪಿನಕಾಯಿ 29ನೇ ವರ್ಗಕ್ಕೆ, ಮಸಾಲೆ ಪುಡಿ 30ಕ್ಕೆ, ಪಾನಕ 32ಕ್ಕೆ ಸೇರುತ್ತದೆ; ವ್ಯಕ್ತಿಗಳಿಗೂ ಸಣ್ಣ ಉದ್ದಿಮೆಗಳಿಗೂ ಆನ್‌ಲೈನ್ ಅರ್ಜಿಯ ಶುಲ್ಕ ಪ್ರತಿ ವರ್ಗಕ್ಕೆ 4,500 ರೂಪಾಯಿ. ಸಣ್ಣ ಉದ್ದಿಮೆಯ ರಿಯಾಯಿತಿಗೆ ಉದ್ಯಮ್ ನೋಂದಣಿ ಪತ್ರ ಬೇಕಾಗುತ್ತದೆ. ಕಚೇರಿಯ ಪರೀಕ್ಷಾ ವರದಿಯಲ್ಲಿ 9ನೇ ಕಲಮಿನ ಆಕ್ಷೇಪ ಬಂದರೆ ಹೆಸರು ವರ್ಣನೆಯತ್ತ ವಾಲಿದೆ ಎಂದು ಅರ್ಥ, 11ನೇ ಕಲಮಿನದು ಬಂದರೆ ಬೇರೊಬ್ಬರ ಹೆಸರಿಗೆ ಹತ್ತಿರವಿದೆ ಎಂದು ಅರ್ಥ. ಉತ್ತರಕ್ಕೆ ಒಂದು ತಿಂಗಳ ಅವಕಾಶವಿರುತ್ತದೆ. ಅದನ್ನು ದಾಟಿದ ಹೆಸರು ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ನಾಲ್ಕು ತಿಂಗಳ ಕಾಲ ಯಾರು ಬೇಕಾದರೂ ತಕರಾರು ಸಲ್ಲಿಸಬಹುದು. ನೋಂದಣಿಯಾದ ಹೆಸರು ಹತ್ತು ವರ್ಷ ಚಾಲ್ತಿಯಲ್ಲಿದ್ದು ಮತ್ತೆ ಮತ್ತೆ ನವೀಕರಿಸಬಹುದಾಗಿದೆ.

ಅರ್ಜಿ ಹಾಕಲು ತಡವಾದರೂ ಮೊದಲ ದಿನದ ಬಿಲ್ಲು, ಲೇಬಲ್ ಮುದ್ರಿಸಿದ ರಸೀದಿ, ಮೊದಲ ಪಾರ್ಸೆಲ್ ಚೀಟಿಗಳನ್ನು ದಿನಾಂಕ ಕಾಣುವಂತೆ ಜೋಪಾನ ಮಾಡಬೇಕು. ಕಾಯ್ದೆಯ 34ನೇ ಕಲಮಿನ ಪ್ರಕಾರ, ಇನ್ನೊಬ್ಬರು ಆ ಹೆಸರನ್ನು ಬಳಸುವುದಕ್ಕೂ ನೋಂದಾಯಿಸುವುದಕ್ಕೂ ಮೊದಲಿನಿಂದ ಅದನ್ನು ನಿರಂತರವಾಗಿ ಬಳಸುತ್ತಾ ಬಂದವರನ್ನು, ಆಮೇಲೆ ನೋಂದಣಿ ಪಡೆದವರು ತಡೆಯುವಂತಿಲ್ಲ. ಆದರೆ ಯಾರು ಮೊದಲು ಎಂಬುದನ್ನು ಕಾಗದಗಳೇ ತೋರಿಸಬೇಕು.